ಸುಳ್ಳು ಹೇಳಿ ತಂದ ಸಾಲ

ಸಂಪಾದಕರಿಗೆ ನಮಸ್ಕಾರ. ‘ವಾಪಸ್ ಕೊಡಲು ಆಗುವುದಿಲ್ಲ ಎಂದು ಗೊತ್ತಿದ್ದೂ, ಕೊಡುತ್ತೇನೆ ಎಂದು ಮಾತು ಕೊಟ್ಟು ಸಾಲ ಪಡೆಯಬಹುದೇ?’ ಎಂಬ ವಿಷಯದ ಮೇಲೆ ನೀತಿಶಾಸ್ತ್ರದ ಪ್ರಬಂಧ ಬರೆದೆ. ಉಪಯುಕ್ತತಾವಾದದ ಪ್ರಕಾರ ಇದರಿಂದ ನಂಬಿಕೆ ಹಾಳಾಗುತ್ತದೆ, ಹಾಗಾಗಿ ತಪ್ಪು. ಜರ್ಮನ್ ತತ್ವಜ್ಞಾನಿ ಕಾಂಟ್ ಪ್ರಕಾರ ಎಲ್ಲರೂ ಹೀಗೆ ಮಾಡಿದರೆ ಸಮಾಜವೇ ಹಾಳಾಗುತ್ತದೆ, ಹಾಗಾಗಿ ತಪ್ಪು. ಹೀಗೆ ಎರಡು ಪ್ಯಾರಾ ಬರೆದಿದ್ದೆ. ‘ಎರಡೂ ಒಂದೇ ವಾದ’ ಎಂದು ಶಿಕ್ಷಕರು ಕೆಂಪು ಗೆರೆ ಎಳೆದಿದ್ದಾರೆ. ಉತ್ತರ ಒಂದೇ ಆಗಿರುವಾಗ ದಾರಿ ಬೇರೆ ಇರಲೇಬೇಕಾ?
— ಒಬ್ಬ ವಿದ್ಯಾರ್ಥಿನಿ

ನಿಮ್ಮ ಶಿಕ್ಷಕರು ಗೆರೆ ಎಳೆದ ಜಾಗ ಸರಿಯಾಗಿದೆ. ಆದರೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಎಡವಿದ ಕಲ್ಲಿಗೆ ದೊಡ್ಡವರೂ ಎಡವಿದ್ದಾರೆ. ಉಪಯುಕ್ತತಾವಾದದ ದೊಡ್ಡ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಹೆಚ್ಚುಕಡಿಮೆ ಇದನ್ನೇ ಬರೆದ. ಎಲ್ಲರೂ ಕೆಟ್ಟದಾಗಿ ನಡೆದರೆ ಬರುವ ಪರಿಣಾಮ ಯಾರಿಗೂ ಬೇಡವಾಗುತ್ತದೆ, ಕಾಂಟ್ ತೋರಿಸಿದ್ದು ಅಷ್ಟೇ ಎಂಬುದು ಅವನ ಆಕ್ಷೇಪ. ಮಿಲ್ ಮೇಲೆ ನನಗೆ ಗೌರವವಿದೆ. ಆದರೂ ಇಲ್ಲಿ ಅವನು ಕಾಂಟ್‌ನನ್ನು ತಪ್ಪಾಗಿ ಓದಿದ ಅಂತಲೇ ನಾನು ನಂಬಿದ್ದೇನೆ.

ಮೊದಲು ನಿಮ್ಮ ಮೊದಲ ಪ್ಯಾರಾ ನೋಡೋಣ. ಉಪಯುಕ್ತತಾವಾದದ ಪ್ರಬಂಧ ಎಂದರೆ ಒಂದು ಲೆಕ್ಕ. ನನ್ನ ಮುಂದೆ ಯಾವ ಯಾವ ದಾರಿ ಇವೆ? ಒಂದೊಂದರಿಂದ ಯಾರ ಯಾರ ಬದುಕಿಗೆ ಏನಾಗುತ್ತದೆ? ಹಾಗಾಗುವ ಸಾಧ್ಯತೆ ಎಷ್ಟು? ಎಲ್ಲವನ್ನೂ ಕೂಡಿ ಕಳೆದರೆ ಯಾವುದರಲ್ಲಿ ಒಳಿತು ಜಾಸ್ತಿ? ಈ ವಾದದ ಭಾರವೆಲ್ಲ ವಾಸ್ತವ ಸಂಗತಿಗಳ ಮೇಲೆ ನಿಂತಿರುತ್ತದೆ. ಹಾಗಾಗಿ ‘ನಂಬಿಕೆ ಹಾಳಾಗುತ್ತದೆ’ ಎಂದು ಸುಮ್ನೆ ಹೇಳಿದರೆ ಸಾಲದು. ಸಾಲ ಕೊಟ್ಟವನು ಭಾರೀ ಶ್ರೀಮಂತ, ಆ ಹಣ ಹೋದದ್ದು ಅವನ ಗಮನಕ್ಕೂ ಬರುವುದಿಲ್ಲ ಅಂದುಕೊಳ್ಳಿ. ಪಡೆದವನಿಗೆ ಮಗುವಿನ ಚಿಕಿತ್ಸೆಗೆ ಹಣ ಬೇಕು. ಸುಳ್ಳು ಯಾರಿಗೂ ಗೊತ್ತಾಗುವುದಿಲ್ಲ. ಈಗ ಯಾರ ನಂಬಿಕೆ ಹಾಳಾಯಿತು? ಲೆಕ್ಕ ತಿರುಗಿಬಿತ್ತು. ಇಲ್ಲಿ ಪ್ರಾಮಾಣಿಕ ಉಪಯುಕ್ತತಾವಾದಿ ಎರಡರಲ್ಲಿ ಒಂದು ಮಾಡಬೇಕು. ಗುಟ್ಟು ಹಾಗೆ ಉಳಿಯುವುದು ಅಪರೂಪ, ಸುಳ್ಳಿನ ಅಭ್ಯಾಸ ಬೆಳೆಯುತ್ತದೆ ಎಂದು ಸಂಗತಿಗಳ ಮೂಲಕವೇ ತೋರಿಸಬೇಕು. ಇಲ್ಲವೇ ‘ಈ ಒಂದು ಸಲ ಸರಿ’ ಎಂದು ಒಪ್ಪಬೇಕು. ಅಷ್ಟು ನೇರವಾಗಿ ಬರೆದರೆ ಅದೂ ಒಳ್ಳೆಯ ಪ್ರಬಂಧವೇ.

ಈಗ ನನಗೆ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯ ಸಾಲವನ್ನು ಕಾಂಟ್ 1785ರಲ್ಲೇ ಉದಾಹರಣೆಯಾಗಿ ಎತ್ತಿಕೊಂಡಿದ್ದ. ಅವನ ಮೊದಲ ಹೆಜ್ಜೆ, ನಾನು ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳುವುದು. ‘ಹಣ ಬೇಕಾದಾಗ, ತೀರಿಸಲು ಆಗದು ಎಂದು ಗೊತ್ತಿದ್ದರೂ ತೀರಿಸುತ್ತೇನೆ ಎಂದು ಮಾತು ಕೊಟ್ಟು ಸಾಲ ಪಡೆಯುತ್ತೇನೆ.’ ಇದಕ್ಕೆ ಮ್ಯಾಕ್ಸಿಮ್ ಎನ್ನುತ್ತಾರೆ. ಎರಡನೇ ಹೆಜ್ಜೆ, ಎಲ್ಲರೂ ಇದೇ ವಾಕ್ಯದಂತೆ ನಡೆಯುವ ಲೋಕವೊಂದನ್ನು ಊಹಿಸುವುದು. ಮೂರನೆಯದು, ಆ ಲೋಕದಲ್ಲಿ ನನ್ನ ಯೋಜನೆ ನಡೆಯುತ್ತದಾ ಎಂದು ಕೇಳುವುದು.

ನಡೆಯುವುದಿಲ್ಲ. ಅಲ್ಲಿ ‘ತೀರಿಸುತ್ತೇನೆ’ ಎಂದರೆ ಜನ ನಕ್ಕುಬಿಡುತ್ತಾರೆ. ಮಾತು ಕೊಡುವುದು ಎಂಬುದಕ್ಕೇ ಅರ್ಥವಿಲ್ಲದ ಮೇಲೆ ಸುಳ್ಳು ಮಾತು ಕೊಡುವುದು ಹೇಗೆ? ಅಂದರೆ ನನ್ನ ಸುಳ್ಳು ಫಲಿಸಬೇಕಾದರೆ ಉಳಿದವರು ಮಾತು ಉಳಿಸಿಕೊಳ್ಳುತ್ತಿರಬೇಕು, ನಾನೊಬ್ಬ ಮಾತ್ರ ಬಿಟ್ಟುಬಿಡಬೇಕು. ತಪ್ಪು ಇರುವುದು ಇಲ್ಲೇ. ಆ ಲೋಕ ಎಷ್ಟು ಕೆಟ್ಟದಾಗಿರುತ್ತದೆ, ಎಷ್ಟು ಜನ ನರಳುತ್ತಾರೆ ಎಂಬ ಪ್ರಶ್ನೆಯೇ ಈ ವಾದದಲ್ಲಿ ಏಳುವುದಿಲ್ಲ. ಅಂಥ ಲೋಕ ನಿಜಕ್ಕೂ ಬರುತ್ತದೆ ಅಂತಲೂ ಕಾಂಟ್ ಹೇಳುತ್ತಿಲ್ಲ. ನನಗೆ ನಾನೇ ಕೊಟ್ಟುಕೊಂಡ ರಿಯಾಯಿತಿಯನ್ನು ಹಿಡಿಯಲು ಮಾಡಿದ ಪರೀಕ್ಷೆ ಅದು. ನಿಮ್ಮ ‘ಸಮಾಜ ಹಾಳಾಗುತ್ತದೆ’ ಎಂಬ ವಾಕ್ಯ ಇದನ್ನೇ ನಷ್ಟದ ಲೆಕ್ಕವಾಗಿ ಬದಲಾಯಿಸಿಬಿಟ್ಟಿತು.

ಪ್ರಬಂಧ ಎಲ್ಲಿ ಜಾರಿತು ಎಂದು ನೀವೇ ಕಂಡುಹಿಡಿಯಬಹುದು. ಕಾಂಟ್ ಪ್ಯಾರಾದ ಕೊನೆಗೆ ‘ಇದರಿಂದ ಯಾರಿಗೂ ಏನೂ ನಷ್ಟವಾಗದಿದ್ದರೂ’ ಎಂದು ಸೇರಿಸಿ ಓದಿ. ವಾದ ನಿಂತರೆ ಅದು ಕಾಂಟ್‌ನದು, ಅಂದರೆ ಫಲ ನೋಡದೆ ನಿಲ್ಲುವ ಕರ್ತವ್ಯದ ವಾದ. ಬಿದ್ದರೆ ಅಷ್ಟು ಹೊತ್ತೂ ನೀವು ಮಿಲ್ ಬರೆಯಬೇಕಾದ್ದನ್ನು ಕಾಂಟ್ ಹೆಸರಲ್ಲಿ ಬರೆದಿರಿ.

ಇದು ನನಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. ವಯಸ್ಸಿನಲ್ಲಿ ಒಮ್ಮೆ ಇಬ್ಬರು ಗೆಳೆಯರಿಗೆ ಸಮನಾದ ಹಣ ಕೊಟ್ಟಿದ್ದೆ. ಒಬ್ಬ ಬಾಗಿಲಲ್ಲೇ ನಿಂತು, ಛತ್ರಿಯ ಹಿಡಿ ತಿರುಗಿಸುತ್ತಾ, ‘ಯಾವಾಗ ಕೊಡ್ತೀನೋ ಗೊತ್ತಿಲ್ಲ, ಕೊಡದೇನೂ ಇರಬಹುದು’ ಅಂದ. ಇನ್ನೊಬ್ಬ ಒಳಗೆ ಬಂದು ಆರಾಮಾಗಿ ಕೂತು, ‘ತಿಂಗಳ ಕೊನೆಗೆ ಖಂಡಿತ’ ಅಂದ. ಅಷ್ಟು ಹೊತ್ತಿಗೆ ಅವನ ಸಾಮಾನೆಲ್ಲ ಕಟ್ಟಾಗಿತ್ತು, ಊರು ಬಿಡುವ ದಿನವೂ ಗೊತ್ತಾಗಿತ್ತು. ಎರಡೂ ಹಣ ವಾಪಸ್ ಬರಲಿಲ್ಲ. ನನ್ನ ನಷ್ಟ ಎರಡು ಕಡೆಯೂ ಸಮ. ಮೊದಲನೆಯವನ ಮೇಲೆ ನನಗೆ ಇವತ್ತಿಗೂ ಪ್ರೀತಿ. ಎರಡನೆಯವನು ಮಾತ್ರ ನನ್ನನ್ನು ಕೇಳಲೇ ಇಲ್ಲ. ಕೇಳುವ ಹಾಗೆ ನಟಿಸಿ, ನಿರ್ಧಾರವನ್ನು ನನ್ನ ಕೈಯಿಂದ ಕಿತ್ತುಕೊಂಡ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು ಎಂದು ಕಾಂಟ್ ಹೇಳಿದ್ದು ಇದನ್ನೇ. ಆ ಗೆಳೆಯನ ಉದ್ದೇಶ ನನಗೆ ಗೊತ್ತಿದ್ದರೆ ನಾನು ಹೂಂ ಅನ್ನುವ ಅಥವಾ ಊಹೂಂ ಅನ್ನುವ ಅವಕಾಶವಾದರೂ ನನಗಿರುತ್ತಿತ್ತು. ನಿಮ್ಮ ಎರಡನೇ ಪ್ಯಾರಾದಲ್ಲಿ ಸಾಲ ಕೊಟ್ಟವನು ಒಬ್ಬ ವ್ಯಕ್ತಿಯಾಗಿ ಕಾಣಿಸಬೇಕಿತ್ತು. ನೀವು ಅವನನ್ನು ಬಿಟ್ಟು ಸಮಾಜದ ಬಗ್ಗೆ ಬರೆದಿರಿ.

ಕರ್ತವ್ಯವಾದಕ್ಕೂ ತನ್ನದೇ ಕಷ್ಟವಿದೆ. ಇಲ್ಲಿ ಭಾರವೆಲ್ಲ ಆ ಮೊದಲ ವಾಕ್ಯದ ಮೇಲೆ ಬೀಳುತ್ತದೆ. ‘ಜನ ಕಡಿಮೆ ಇರುವ ಹೊತ್ತಿಗೇ ನಾನು ಗ್ರಂಥಾಲಯಕ್ಕೆ ಹೋಗುತ್ತೇನೆ’ ಎಂಬುದನ್ನು ತೆಗೆದುಕೊಳ್ಳಿ. ಎಲ್ಲರೂ ಹಾಗೇ ಹೊರಟರೆ ಆ ಹೊತ್ತಲ್ಲೇ ಜನ ತುಂಬುತ್ತಾರೆ, ಯೋಜನೆ ಕೆಡುತ್ತದೆ. ಹಾಗಂತ ಅದರಲ್ಲಿ ಪಾಪವೇನಿದೆ? ಎದುರಾಳಿಗಳು ಈ ಥರದ ಉದಾಹರಣೆಯನ್ನು ಖಂಡಿತ ತರುತ್ತಾರೆ. ಮ್ಯಾಕ್ಸಿಮ್‌ನಲ್ಲಿ ನಿಜವಾದ ಉದ್ದೇಶವನ್ನು ಹಾಕಿ ನೋಡಿ. ನನಗೆ ಬೇಕಾದ್ದು ಶಾಂತವಾಗಿ ಓದುವುದು, ಅದಕ್ಕಾಗಿ ಸಮಯ ಹೊಂದಿಸಿಕೊಳ್ಳುತ್ತೇನೆ ಎಂದರೆ ತೊಡಕು ಬಹುಮಟ್ಟಿಗೆ ಹೋಗುತ್ತದೆ. ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ವಾಕ್ಯವನ್ನು ಎಷ್ಟು ಅಗಲವಾಗಿ, ಎಷ್ಟು ಕಿರಿದಾಗಿ ಬರೆಯಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಪರೀಕ್ಷೆಗೆಂದು ಹಂಚುವ ನೋಟ್ಸ್‌ಗಳಲ್ಲಿ ‘ಉಪಯುಕ್ತತಾವಾದ ಎಂದರೆ ಫಲ, ಕಾಂಟ್ ಎಂದರೆ ನಿಯಮ’ ಎಂದು ಎರಡು ಸಾಲು ಇರುತ್ತದೆ. ಕೊನೆಗೆ ‘ಎರಡರ ಸಮತೋಲನ ಬೇಕು’ ಎಂಬ ವಾಕ್ಯ. ಯಾವ ದಾರಿಯಲ್ಲೂ ನಾಲ್ಕು ಹೆಜ್ಜೆ ನಡೆಯದವರು ಎರಡನ್ನೂ ತೂಗುವುದು ಹೇಗೆ? ನನ್ನ ಮೇಜಿಗೆ ಬರುವ ಲೇಖನಗಳೂ ಹಾಗೇ ಆಗಿವೆ. ಸತ್ಯ ಹೇಳಿ, ನಿದ್ದೆ ಚೆನ್ನಾಗಿ ಬರುತ್ತದೆ. ಪ್ರಾಮಾಣಿಕವಾಗಿರಿ, ವ್ಯಾಪಾರ ಬೆಳೆಯುತ್ತದೆ. ಮಾತು ಉಳಿಸಿಕೊಳ್ಳಬೇಕಾದ್ದು ಮಾತು ಕೊಟ್ಟಿದ್ದಕ್ಕೆ ಎಂದು ಬರೆಯುವವರು ಕಡಿಮೆಯಾಗುತ್ತಿದ್ದಾರೆ. ಯಾರಾದರೂ ಹಾಗೆ ಬರೆದರೆ, ‘ಅದರಿಂದ ಏನು ಲಾಭ?’ ಎಂದು ಓದುಗರೇ ಕೇಳಿ ಪತ್ರ ಹಾಕುತ್ತಾರೆ. ನನಗೆ ನಿಜಕ್ಕೂ ನೋವಾಗುತ್ತದೆ.

ನೀವು ಹಾಗೆ ಕೇಳಲಿಲ್ಲ. ದಾರಿಯ ಬಗ್ಗೆ ಕೇಳಿದಿರಿ, ಅದಕ್ಕೇ ಇಷ್ಟು ಉದ್ದ ಬರೆದೆ. ಮೊದಲ ಪ್ಯಾರಾಕ್ಕೆ ಆ ಶ್ರೀಮಂತನನ್ನೂ ಮಗುವನ್ನೂ ತಂದು, ಲೆಕ್ಕ ಎತ್ತ ವಾಲುತ್ತದೋ ಹಾಗೆಯೇ ಬರೆಯಿರಿ. ಎರಡನೆಯದನ್ನು ‘ನಷ್ಟ’, ‘ಪರಿಣಾಮ’, ‘ಸಮಾಜ’ ಎಂಬ ಮೂರು ಪದ ಎಲ್ಲೂ ಬಾರದ ಹಾಗೆ ಮತ್ತೆ ಬರೆದು, ಶಿಕ್ಷಕರಿಗೆ ತೋರಿಸಿ. ಒಂದು ಪ್ರತಿ ನನಗೂ ಕಳಿಸಿ.

— ಸಂಪಾದಕ