ಜಾತ್ರೆಯಲ್ಲಿ ತೆರೆಯದ ಸೀರೆ

"ಗುಳೇದಗುಡ್ಡ ಖಣದ ವೆಬ್‌ಸೈಟ್ ಮಾಡಿದೀನಿ. 30 ಫೋಟೋ ಇವೆ. ನನ್ನ ಫೋನ್‌ನಲ್ಲಿ ತಟ್ಟನೆ ಬರುತ್ತೆ, ಗಿರಾಕಿಗಳು ಬರೀ ಬಿಳಿ ಕಾಣುತ್ತೆ ಅಂತಾರೆ. `width="300"` ಕೊಟ್ಟು ಫೋಟೋ ಸಣ್ಣ ಮಾಡಿದೀನಿ. ಮತ್ತೇನು ಮಾಡಲಿ?"

ತಮ್ಮಾ, ಆ `width="300"` ನೋಡಿ ಸುಮ್ನೆ ಕೂರಲು ಆಗಲಿಲ್ಲ. ನಾನೂ ಇದೇ ತಪ್ಪು ಮಾಡಿದ್ದೆ. ಅದರಿಂದ ಫೋಟೋ ಕಾಣುವುದು ಸಣ್ಣದಾಗುತ್ತದೆ, ಅಷ್ಟೇ. 4 ಎಂಬಿ ಫೈಲು 4 ಎಂಬಿಯಾಗಿಯೇ ಗಿರಾಕಿಯ ಫೋನಿಗೆ ಇಳಿಯುತ್ತದೆ. ಸೀರೆಯನ್ನು ಎಷ್ಟು ಮಡಚಿದರೂ ತೂಕ ಇಳಿಯುತ್ತದೆಯೇ?

ನಾನು ಹುನಗುಂದದ ಕಡೆಯವನು, ಇಳಕಲ್ ಸೀರೆ ನೇಯುತ್ತೇನೆ. ಮೊದಲ ವೆಬ್‌ಸೈಟಿಗೆ 24 ಸೀರೆಗಳ ಫೋಟೋ ಹಾಕಿದ್ದೆ. ಒಂದೊಂದೂ ಹೆಚ್ಚುಕಡಿಮೆ 4 ಎಂಬಿ, ಒಟ್ಟು 96 ಎಂಬಿ. ಬನಶಂಕರಿ ಜಾತ್ರೆಯಲ್ಲಿ ಒಬ್ಬ ಅಕ್ಕ "ಬೇರೆ ಸೆರಗು ತೋರಿಸಪ್ಪ" ಅಂದರು. ವಿಳಾಸ ಹೇಳಿದೆ, ಅವರ ಫೋನ್‌ನಲ್ಲೇ ತೆರೆದರು. ಮೊದಲನೇ ಸೀರೆ ಮೇಲಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯತೊಡಗಿತು. ದಡಿ ಕಂಡಿತು, ಸೆರಗು ಬರುವಷ್ಟರಲ್ಲಿ ಅವರು ಪಕ್ಕದ ಅಂಗಡಿಗೆ ಹೋಗಿದ್ದರು. ನನ್ನ ಫೋನ್‌ನಲ್ಲಿ ಮಾತ್ರ ಎಲ್ಲ ಕ್ಷಣದಲ್ಲಿ ಬರುತ್ತಿತ್ತು. ಯಾಕೆಂದರೆ ಬ್ರೌಸರು ಅವನ್ನೆಲ್ಲ ಮೊದಲೇ ಇಟ್ಟುಕೊಂಡಿತ್ತು. ನಿನ್ನದೂ ಅದೇ. ವೈಫೈ ಆಫ್ ಮಾಡಿ, `Incognito`ದಲ್ಲಿ ತೆರೆದು ನೋಡು, ಗಿರಾಕಿ ಏನು ನೋಡುತ್ತಾರೋ ಅದೇ ಕಾಣುತ್ತದೆ.

ಮನೆಗೆ ಬಂದು ಸುಲಭದ ದಾರಿ ಹಿಡಿದೆ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ನನಗೇ ಕಳಿಸಿಕೊಂಡು, ಇಳಿದ ಫೈಲನ್ನೇ ಏರಿಸಿದೆ. ಪೇಜು ಹಗುರಾಯಿತು. ಆದರೆ ತೋಪು ತೆನಿ ಸೆರಗು ಕೆಟ್ಟಿತು. ಕೆಂಪಿನ ಮೇಲೆ ಬಿಳಿ ಹಲ್ಲುಗಳು ಒಂದೊಂದಾಗಿ ನಿಲ್ಲಬೇಕಲ್ವಾ? ಕೆಂಪು ಬಿಳಿಯೊಳಗೆ ಹರಿದು, ಅಂಚು ತೊಳೆದಂತೆ ಕಂಡಿತು. ಒಬ್ಬ ಗಿರಾಕಿ "ಬಣ್ಣ ಬಿಡುವ ಸೀರೆಯಾ?" ಎಂದೇ ಕೇಳಿದರು. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು.

ಕಾರಣ ತಿಳಿಯಲು ಬಹಳ ದಿನ ಬೇಕಾಯಿತು. ಫೈಲು ಸಣ್ಣದಾಗಲಿ ಎಂದು ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಬೆಳಕು-ನೆರಳಿನ ವಿವರ ಪೂರ್ತಿ ಉಳಿಸಿ, ಬಣ್ಣದ ವಿವರವನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕೆ ಇಳಿಸುತ್ತಾರೆ. ಮುಖ, ಆಕಾಶ, ಹೊಲಕ್ಕೆ ಇದು ಗೊತ್ತೇ ಆಗುವುದಿಲ್ಲ. ಕಡು ಕೆಂಪಿನ ಪಕ್ಕ ಸಣ್ಣ ಬಿಳಿ ಗೆರೆ ಇದ್ದರೆ ಎದ್ದು ಕಾಣುತ್ತದೆ. ನಿನ್ನ ಖಣದಲ್ಲಿ ಹೂವು ಇನ್ನೂ ಸಣ್ಣವು, ಜಾಸ್ತಿಯೇ ಕೆಡುತ್ತದೆ. ನನಗಿಂತ ಮೊದಲು ನಿನಗೆ ಉತ್ತರ ಬರೆದ ಒಬ್ಬರು, ಫೋಟೋಗಳನ್ನು ವೆಬ್‌ಪಿ ಎಂಬ ಬಗೆಯ ಫೈಲು ಮಾಡು ಅಂದಿದ್ದಾರೆ. ಫೈಲು ಸಣ್ಣದಾಗುವುದು ನಿಜ, ಆದರೆ ಸಾಮಾನ್ಯ ವೆಬ್‌ಪಿ ಕೂಡ ಬಣ್ಣವನ್ನು ಹೀಗೇ ಅರ್ಧ ಮಾಡುತ್ತದೆ. ಕೆಂಪು ಬಟ್ಟೆಗೆ ನಾನು ಅದನ್ನು ಬಳಸುವುದಿಲ್ಲ.

ಈಗ ಕಂಪ್ಯೂಟರಿನಲ್ಲಿ `ImageMagick` ಎಂಬ ಸಾಫ್ಟ್‌ವೇರ್ ಹಾಕಿಕೊಂಡು, ಫೋಟೋ ಇರುವ ಫೋಲ್ಡರಿನಲ್ಲಿ ಹೀಗೆ ಮಾಡುತ್ತೇನೆ:

```
mkdir sanna
mogrify -path sanna -auto-orient -resize "1200x1200>" -sampling-factor 4:4:4 -quality 80 -strip *.jpg
```

ಆ `4:4:4` ಬಣ್ಣವನ್ನು ಪೂರ್ತಿ ಉಳಿಸುತ್ತದೆ. ಫೈಲು ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ. ನನ್ನ 24 ಫೋಟೋ ಸೇರಿ ಈಗ 7 ಎಂಬಿ ಒಳಗಿವೆ. `-path sanna` ಮರೆಯಬೇಡ, ಮರೆತರೆ ಮೂಲ ಫೋಟೋದ ಮೇಲೆಯೇ ಬರೆದುಬಿಡುತ್ತದೆ. ನನ್ನ ಒಂಬತ್ತು ಸೀರೆಗಳ ಮೂಲ ಹೀಗೇ ಹೋಯಿತು, ಅಷ್ಟರಲ್ಲಿ ಸೀರೆಯೂ ಮಾರಿಹೋಗಿತ್ತು. `-strip` ಇರಲಿ, ಫೋನು ಫೋಟೋದೊಳಗೆ ಮನೆಯ ಜಾಗ ಬರೆದಿದ್ದರೆ ಅದೂ ಅಳಿಯುತ್ತದೆ. ಆದರೆ ಐಫೋನಿನ ಫೋಟೋ ಆದರೆ ಎಚ್ಚರ. ಅದರ ಬಣ್ಣದ ಗುರುತೂ ಅಳಿದು, ಕೆಂಪು ಮಂಕಾಗಬಹುದು. ಹಾಗಾದರೆ `-strip` ತೆಗೆದು ನೋಡು. ಕಂಪ್ಯೂಟರ್ ಇಲ್ಲದಿದ್ದರೆ `squoosh.app` ಒಳ್ಳೆಯದು, ಫೋನ್‌ನಲ್ಲೂ ನಡೆಯುತ್ತದೆ. ಒಂದೊಂದೇ ಮಾಡಬೇಕು, ಅದೇ ಬೇಸರ.

ಮೊದಲ ಎರಡು ಫೋಟೋ ಬಿಟ್ಟು ಉಳಿದವುಗಳಿಗೆ `loading="lazy"` ಸೇರಿಸು. ಕೆಳಗೆ ಸರಿಸಿದ ಹಾಗೆ ಅವು ಇಳಿಯುತ್ತವೆ. `width` ಜೊತೆ `height` ಕೂಡ ಕೊಡು, ಇಲ್ಲದಿದ್ದರೆ ಓದುವಾಗ ಪೇಜು ಜಿಗಿಯುತ್ತದೆ.

ಹೋಸ್ಟಿಂಗ್ ಬದಲಿಸು ಎಂದು ನಿನಗೆ ಉತ್ತರಿಸಿದ ಇನ್ನೊಬ್ಬ ಅಣ್ಣನ ಮಾತು ಅರ್ಧ ಸರಿ. ನಾನೂ ದುಡ್ಡು ಕೊಟ್ಟು ಬದಲಿಸಿದೆ, ಮೊದಲ ಅಕ್ಷರ ಬೇಗ ಬಂತು. 96 ಎಂಬಿ ಹಳ್ಳಿಯ ನೆಟ್‌ವರ್ಕಿನಲ್ಲೇ ಇಳಿಯಬೇಕಲ್ವಾ, ಅದಕ್ಕೆ ಯಾವ ಕಂಪನಿಯೂ ಏನೂ ಮಾಡಲಾರದು. ಗೋಕಾಕದ ಗೊಂಬೆ ಮಾಡುವ ಅಣ್ಣ ಫ್ಲ್ಯಾಶ್ ಹಾಕು ಅಂದಿದ್ದಾರೆ. ತಮ್ಮನ ಪ್ರಶ್ನೆ ಅದಲ್ಲ. ಅಲ್ಲದೆ ಖಣಕ್ಕೆ ಫ್ಲ್ಯಾಶ್ ಹೊಡೆದರೆ ರೇಷ್ಮೆ ಹೊಳೆದು ಹೂವೇ ಕಾಣುವುದಿಲ್ಲ. ಬೆಳಗ್ಗೆ ಬಾಗಿಲ ನೆರಳಿನಲ್ಲಿ ತೆಗಿ.

ಇನ್ನೊಂದು. ನಿನ್ನ ಫೋಟೋದ ಮೇಲೆಯೇ ಬೆಲೆ ಬರೆದಿದ್ದೀಯಾ. ದಯವಿಟ್ಟು ಬಿಡು. ನೂಲಿನ ದರ ಏರಿದಾಗ 30 ಫೋಟೋ ತಿದ್ದಬೇಕಾಗುತ್ತದೆ. ಬೆಲೆ, ಉದ್ದ, ನೂಲು ಎಲ್ಲ ಕೆಳಗೆ ಅಕ್ಷರದಲ್ಲಿ ಬರೆ, ಫೋಟೋ ಬರುವ ಮೊದಲೇ ಗಿರಾಕಿ ಓದುತ್ತಾರೆ.

ಒಂದು ಮಾತ್ರ ನನಗೂ ಬಗೆಹರಿದಿಲ್ಲ. ನನ್ನ ದಾಳಿಂಬೆ ಕೆಂಪು ಒಬ್ಬರ ಫೋನ್‌ನಲ್ಲಿ ಕುಂಕುಮ, ಇನ್ನೊಬ್ಬರಲ್ಲಿ ಇಟ್ಟಿಗೆ. ಅದಕ್ಕೆ ಈಗಲೂ ದೂರದ ಗಿರಾಕಿಗೆ ಅದೇ ನೂಲಿನ ಎರಡು ಎಳೆ ಅಂಚೆಯಲ್ಲಿ ಕಳಿಸುತ್ತೇನೆ. ಬೇರೆ ದಾರಿ ಗೊತ್ತಿದ್ದವರು ಹೇಳಿ.