ನಾಲ್ಕೂವರೆ ವರ್ಷದ ಮಗುವಿಗೆ ಅಜ್ಜನ ಸಾವನ್ನು ಹೇಗೆ ತಿಳಿಸುವುದು?

ಪ್ರಶ್ನೆ: ಮಾವನವರು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡು ಒಂಬತ್ತು ದಿನ ಆಯ್ತು. ನಾಲ್ಕೂವರೆ ವರ್ಷದ ಮಗಳಿಗೆ "ಅಜ್ಜ ಊರಿಗೆ ಹೋಗಿದ್ದಾರೆ" ಅಂತ ಹೇಳಿಬಿಟ್ಟಿದ್ದೇವೆ. ದಿನಾ "ಯಾವಾಗ ಬರ್ತಾರೆ" ಅಂತಾಳೆ, ರಾತ್ರಿ ಮಲಗೋಕೆ ಹೆದರ್ತಾಳೆ. ಎಂಟು ವರ್ಷದ ಮಗನೂ ಇದ್ದಾನೆ, ಅವನು ಏನೂ ಕೇಳ್ತಿಲ್ಲ. ಈಗ ಏನು ಹೇಳಲಿ?

ಉತ್ತರ: ಊರಿನ ಮಾತನ್ನು ಇವತ್ತೇ ತಿದ್ದಿ. ಊರಿಗೆ ಹೋದವರು ವಾಪಸ್ ಬರುತ್ತಾರೆ, ಹಾಗಾಗಿ ಅವಳು ಕಾಯುತ್ತಿದ್ದಾಳೆ. ಇನ್ನು ಕೆಲವು ದಿನ ಕಳೆದರೆ "ಅಜ್ಜ ಫೋನೂ ಮಾಡಲಿಲ್ಲ, ನನ್ನ ಮೇಲೆ ಕೋಪವಾ" ಎಂಬಲ್ಲಿಗೆ ಹೋಗುತ್ತದೆ.

ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ: "ಅಜ್ಜನಿಗೆ ಏನಾಯ್ತು ಅಂತ ನಿಂಗೆ ಅನ್ಸುತ್ತೆ?" ಮಾತಾಡಿಸಲು ಬಂದ ನೆಂಟರಲ್ಲಿ ಯಾರೋ "ಮಲಗಿದಲ್ಲೇ ಹೋಗಿಬಿಟ್ರು" ಎಂದಿದ್ದನ್ನು ಅವಳು ಕೇಳಿಸಿಕೊಂಡಿರಬಹುದು. ಮಲಗುವ ಭಯ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಯಾವ ತಪ್ಪು ಕಲ್ಪನೆ ಇದೆಯೆಂದು ತಿಳಿಯದೆ ವಿವರಿಸಿದರೆ ಅದು ಒಳಗೇ ಉಳಿದುಬಿಡುತ್ತದೆ.

ಆಮೇಲೆ ಹತ್ತಿರ ಕೂರಿಸಿಕೊಂಡು, ರಾತ್ರಿ ಮಲಗುವ ಹೊತ್ತಲ್ಲದೆ ಹಗಲಲ್ಲಿ, ಇಷ್ಟು ಹೇಳಿ: "ಅಜ್ಜ ಊರಿಗೆ ಹೋಗಿದ್ದಾರೆ ಅಂದಿದ್ದು ತಪ್ಪು ಪುಟ್ಟಿ. ಅಜ್ಜನ ಎದೆಯೊಳಗೆ ಹೃದಯ ಅಂತ ಇರುತ್ತಲ್ಲ, ಅದಕ್ಕೆ ತುಂಬಾ ತುಂಬಾ ಜೋರು ಕಾಯಿಲೆ ಆಗಿ ನಿಂತುಹೋಯ್ತು. ಡಾಕ್ಟರಿಗೂ ಸರಿ ಮಾಡೋಕೆ ಆಗ್ಲಿಲ್ಲ. ಅಜ್ಜ ಸತ್ತುಹೋದ್ರು. ಇನ್ನು ಅವರು ಉಸಿರಾಡಲ್ಲ, ಊಟ ಮಾಡಲ್ಲ, ಅವರಿಗೆ ನೋವೂ ಆಗಲ್ಲ. ಮತ್ತೆ ಬರೋದಿಲ್ಲ." ಅಲ್ಲಿಗೆ ನಿಲ್ಲಿಸಿ. ಮುಂದಿನದು ಅವಳು ಕೇಳಿದಂತೆ. ಹಿರಿಯರ ಬಗ್ಗೆ "ಸತ್ತರು" ಎನ್ನಲು ನಮಗೆ ಮುಜುಗರ, ಆದರೆ ಈ ವಯಸ್ಸಿಗೆ "ಹೋದರು", "ತೀರಿಕೊಂಡರು" ಅರ್ಥವಾಗುವುದಿಲ್ಲ. "ಒಳ್ಳೆಯವರು ಅಂತ ದೇವರು ಕರ್ಕೊಂಡ" ಎಂಬುದು ಇನ್ನೂ ತೊಡಕು: ತಾನು ಒಳ್ಳೆಯವಳಾದರೆ ತನ್ನನ್ನೂ ಕರೆದುಕೊಳ್ಳುತ್ತಾನೆ ಎಂದು ಮಗು ಲೆಕ್ಕ ಹಾಕುತ್ತದೆ. ಸ್ವರ್ಗದ ಮಾತು ನಿಮ್ಮ ಮನೆಯ ನಂಬಿಕೆಯಾದರೆ ಹೇಳಿ, ಆದರೆ ದೇಹ ನಿಂತುಹೋಯಿತು, ವಾಪಸ್ ಬರುವುದಿಲ್ಲ ಎಂಬುದನ್ನು ಹೇಳಿದ ಮೇಲೆ.

ಇದೇ ವಯಸ್ಸಿನವರು ತಮ್ಮ ಮನಸ್ಸಿನ ಕೋಪದಿಂದಲೂ ಏನಾದರೂ ಆಗಿಬಿಡುತ್ತದೆ ಎಂದು ನಂಬುತ್ತಾರೆ. ಕೇಳದಿದ್ದರೂ ಒಮ್ಮೆ ಹೇಳಿ: "ನೀನು ಹಟ ಮಾಡಿದ್ದಕ್ಕೆ, ಸಿಟ್ಟು ಮಾಡಿದ್ದಕ್ಕೆ ಹೀಗಾಗಿಲ್ಲ." ಮಲಗುವ ಭಯಕ್ಕೆ: "ನಿದ್ದೆಯಲ್ಲಿ ಹೃದಯ ಕೆಲಸ ಮಾಡ್ತಾನೇ ಇರುತ್ತೆ, ನನ್ನ ಎದೆ ಮೇಲೆ ಕಿವಿ ಇಟ್ಟು ಕೇಳು." ಕೆಲವು ವಾರ ಪಕ್ಕದಲ್ಲೇ ಮಲಗಿಸಿಕೊಂಡರೂ ಅಡ್ಡಿಯಿಲ್ಲ. "ನೀನೂ ಸಾಯ್ತೀಯಾ" ಎಂದರೆ "ಇಲ್ಲವೇ ಇಲ್ಲ" ಎನ್ನಬೇಡಿ. "ಎಲ್ಲರೂ ಒಂದಿನ ಸಾಯ್ತಾರೆ. ಹೆಚ್ಚಿನವರು ತುಂಬಾ ವಯಸ್ಸಾಗುವವರೆಗೂ ಇರ್ತಾರೆ, ನಾನೂ ಹಾಗೇ ಇರ್ತೀನಿ ಅಂದ್ಕೊಂಡಿದೀನಿ. ನಿನ್ನ ನೋಡ್ಕೊಳ್ಳೋಕೆ ಅಪ್ಪ, ಅಜ್ಜಿ, ಚಿಕ್ಕಮ್ಮ ಎಲ್ಲರೂ ಇದ್ದಾರೆ" ಎನ್ನಿ. ಅವಳ ಚಿಂತೆ ಬಹುಪಾಲು ತನ್ನನ್ನು ನೋಡಿಕೊಳ್ಳುವವರು ಯಾರು ಎಂಬುದೇ.

ಇಷ್ಟಾದರೂ ನಾಳೆ ಮತ್ತೆ "ಅಜ್ಜ ಯಾವಾಗ ಬರ್ತಾರೆ" ಎನ್ನುತ್ತಾಳೆ. ನೀವು ಹೇಳಿದ್ದು ತಪ್ಪಾಯಿತೆಂದಲ್ಲ. ಸತ್ತವರು ಬರುವುದೇ ಇಲ್ಲ ಎಂಬುದು ಹೆಚ್ಚಿನ ಮಕ್ಕಳಿಗೆ ಐದರಿಂದ ಏಳು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ. ಅವೇ ಪದಗಳಲ್ಲಿ ಉತ್ತರಿಸಿ, ಮನೆಯವರೆಲ್ಲರೂ ಅದನ್ನೇ ಹೇಳುವಂತೆ ನೋಡಿಕೊಳ್ಳಿ. ಐದು ನಿಮಿಷ ಅತ್ತು ಆಮೇಲೆ ಆಟಕ್ಕೆ ಓಡಿದರೆ ದುಃಖವಿಲ್ಲವೆಂದು ತಿಳಿಯಬೇಡಿ, ಮಕ್ಕಳ ಶೋಕ ಹಾಗೆಯೇ ಬಂದು ಹೋಗುತ್ತದೆ.

ವೈಕುಂಠ ಸಮಾರಾಧನೆಯ ದಿನ ಎಡೆ ಇಟ್ಟು ಕಾಗೆ ಕರೆಯುವ ಪದ್ಧತಿ ನಿಮ್ಮಲ್ಲಿದ್ದರೆ ಮೊದಲೇ ಹೇಳಿಡಿ. ಯಾರಾದರೂ "ನೋಡು, ಅಜ್ಜ ಬಂದ್ರು" ಎಂದರೆ ನೀವು ಹೇಳಿದ್ದೆಲ್ಲ ತಲೆಕೆಳಗು. "ಅಜ್ಜನ ನೆನಪಿಗೆ ಊಟ ಇಡ್ತೀವಿ, ಅದು ಅಜ್ಜನಿಗೇ ಸೇರುತ್ತೆ ಅಂತ ಅಜ್ಜಿ ನಂಬ್ತಾರೆ. ಕಾಗೆ ಕಾಗೆಯೇ" ಎಂದರೆ ಅತ್ತೆಯವರ ಮನಸ್ಸೂ ನೋಯುವುದಿಲ್ಲ. ಫೋಟೋಗೆ ಹೂ ಇಡುವಂಥ ಸಣ್ಣ ಕೆಲಸ ಇಬ್ಬರಿಗೂ ಕೊಡಿ, ಒಲ್ಲೆ ಎಂದರೆ ಬಿಡಿ.

ಎಂಟು ವರ್ಷದ ಹುಡುಗನದು ಬೇರೆ ಕಥೆ. ಅವನಿಗೆ ಎಲ್ಲ ಅರ್ಥವಾಗಿದೆ, ನೀವು ಅತ್ತುಬಿಡುತ್ತೀರೆಂದು ಸುಮ್ಮನಿರಬಹುದು. ಎದುರು ಬದುರು ಕೂರಿಸಿ ಕೇಳುವುದಕ್ಕಿಂತ ಸ್ಕೂಟರಲ್ಲಿ ಹೋಗುವಾಗ, ಬಟಾಣಿ ಸುಲಿಯುವಾಗ ಮಾತು ತೆಗೆಯಿರಿ. ರಕ್ತನಾಳ ಕಟ್ಟಿಕೊಂಡು ಹೃದಯಕ್ಕೆ ರಕ್ತ ಸಿಗಲಿಲ್ಲ ಎಂಬಷ್ಟು ವಿವರ ಅವನಿಗೆ ಬೇಕು. ದಹನ ಮಾಡಿದ್ದರೆ "ಸುಟ್ಟಾಗ ನೋವಾಗಲಿಲ್ವಾ" ಎಂಬ ಪ್ರಶ್ನೆಯೂ ಅವನೊಳಗೆ ಇರಬಹುದು. ಸತ್ತ ದೇಹಕ್ಕೆ ಏನೂ ಗೊತ್ತಾಗುವುದಿಲ್ಲ ಎಂದು ನೇರವಾಗಿ ಹೇಳಿ.

ಹಾಸಿಗೆ ಒದ್ದೆ ಮಾಡುವುದು, ಸೆರಗು ಬಿಡದಿರುವುದು, ಹೊಟ್ಟೆನೋವು ಮೊದಲ ವಾರಗಳಲ್ಲಿ ಸಾಮಾನ್ಯ, ಬೈಯಬೇಡಿ. ಊಟ, ಶಾಲೆ, ಮಲಗುವ ಸಮಯ ಹಳೆಯ ಹಳಿಗೆ ಬೇಗ ಬರಲಿ. ತಿಂಗಳುಗಳಾದರೂ ಇವು ಕಡಿಮೆಯಾಗದಿದ್ದರೆ, ಆಟವನ್ನೇ ಬಿಟ್ಟರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. "ನಾನೂ ಅಜ್ಜನ ಹತ್ರ ಹೋಗ್ತೀನಿ" ಎಂದರೆ ಗಾಬರಿಯಾಗದೆ "ಹೋಗಿ ಏನ್ಮಾಡ್ತೀಯ" ಎಂದು ಕೇಳಿ. ಚಿಕ್ಕವಳಿಗೆ ಅದು ಬರೀ ನೋಡಬೇಕೆಂಬ ಆಸೆ ಇದ್ದೀತು. ಅದೇ ಮಾತನ್ನು ದೊಡ್ಡವನು ಹೇಳಿದರೆ, ಅಥವಾ ಚಿಕ್ಕವಳು ಪದೇ ಪದೇ ಹೇಳಿದರೆ, ತಿಂಗಳು ಕಾಯದೆ ಅಂದೇ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.