ಬೀಪ್ ಬರುತ್ತೆ, ಆದರೂ ಮೈಕ್ ಕೇಬಲ್ ಕೈಕೊಡುತ್ತೆ: ತುಂಡಾದ ವೈರ್, ಅದಲುಬದಲಾದ ಪಿನ್ ಹುಡುಕುವುದು

ಪ್ರಶ್ನೆ: ನಮ್ಮ ಸೌಂಡ್ ಸೆಟ್‌ನ 15 ಮೀಟರ್ ಎಕ್ಸ್‌ಎಲ್‌ಆರ್ ಮೈಕ್ ಕೇಬಲ್ ಒಮ್ಮೊಮ್ಮೆ ಸರಿ ಇರುತ್ತೆ, ಒಮ್ಮೊಮ್ಮೆ ಸೌಂಡ್ ಸಣ್ಣಗಾಗಿ ಗುಂಯ್ ಅನ್ನುತ್ತೆ. ಮಲ್ಟಿಮೀಟರ್ ಬೀಪ್‌ನಲ್ಲಿ ಮೂರೂ ಪಿನ್ ಸರಿ ಅಂತ ತೋರಿಸುತ್ತೆ. ತುಂಡಾಗಿರೋದು ಎಲ್ಲಿ ಅಂತ ಹೇಗೆ ಗೊತ್ತಾಗುತ್ತೆ? ಪಿನ್ ಅದಲುಬದಲಾಗಿದ್ರೆ?

ಉತ್ತರ:

ಮೊದಲು ಕೇಬಲ್‌ನ ಎರಡೂ ತುದಿ ಬಿಚ್ಚಿಕೊಳ್ಳಿ. ಒಂದು ಕಡೆ ಮೈಕ್ ಸಿಕ್ಕಿಸಿಯೇ ಇದ್ದರೆ ಅದರೊಳಗಿನ ಕಾಯಿಲ್ ಮೂಲಕ 2 ಮತ್ತು 3ನೇ ಪಿನ್ ಒಂದಕ್ಕೊಂದು ಸೇರಿದಂತೆ ಕಾಣುತ್ತದೆ, ನೀವು ಇಲ್ಲದ ಶಾರ್ಟ್ ಹುಡುಕುತ್ತಾ ಕೂರುತ್ತೀರಿ. ಮಿಕ್ಸರ್ ಕಡೆ ಸಿಕ್ಕಿಸಿದ್ದು ಫ್ಯಾಂಟಮ್ ಆನ್ ಇದ್ದರೆ ಪಿನ್‌ಗಳ ಮೇಲೆ 48 ವೋಲ್ಟ್ ಇರುತ್ತದೆ. ಓಮ್ ರೇಂಜಿನಲ್ಲಿರುವ ಮೀಟರಿಗೆ ಅದು ಒಳ್ಳೆಯದಲ್ಲ.

ನಿಮ್ಮ ಮೀಟರ್ ಹೇಳಿದ್ದು ಸುಳ್ಳಲ್ಲ, ಆದರೆ ಬೀಪ್‌ನಿಂದ ತಿಳಿಯುವುದು ಕಡಿಮೆ. ಬಹಳಷ್ಟು ಮೀಟರ್‌ಗಳು 30ರಿಂದ 50 ಓಮ್‌ಗಿಂತ ಕಡಿಮೆ ಏನಿದ್ದರೂ ಬೀಪ್ ಅನ್ನುತ್ತವೆ. ನಿಮ್ಮ ಕೇಬಲ್‌ನ ಒಂದು ಒಳವೈರು ಸಾಮಾನ್ಯವಾಗಿ 0.22 ಚದರ ಮಿಲಿಮೀಟರ್ ತಾಮ್ರ, 15 ಮೀಟರಿಗೆ ಸುಮಾರು 1.2 ಓಮ್. ಸರಿಯಾಗಿ ಹಿಡಿಯದ ಬೆಸುಗೆ 20 ಓಮ್ ತೋರಿಸುತ್ತಿದ್ದರೂ ಬೀಪ್ ಬಂದೇ ಬರುತ್ತದೆ. ಅದಕ್ಕೇ ಡಯಲ್ ಅನ್ನು 200 ಓಮ್ ರೇಂಜಿಗೆ ತಿರುಗಿಸಿ. ಎರಡೂ ಪ್ರೋಬ್ ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿ (ಸಾಮಾನ್ಯವಾಗಿ 0.2ರಿಂದ 0.5) ಬರೆದುಕೊಂಡು ಪ್ರತಿ ಅಳತೆಯಿಂದ ಕಳೆಯಿರಿ. 2 ಮತ್ತು 3ನೇ ಪಿನ್ನಿನ ಅಳತೆ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 1.2, ಇನ್ನೊಂದು 7 ತೋರಿಸಿ ಅಂಕಿ ನಿಲ್ಲದೆ ಓಡಾಡುತ್ತಿದ್ದರೆ ಕೆಟ್ಟಿರುವುದು ಎರಡನೆಯದು.

ಇಲ್ಲೊಂದು ಸೂಕ್ಷ್ಮವಿದೆ. ವೈರಿನ ಹತ್ತಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಓಮ್ ಅಳತೆ ಏರುವುದಿಲ್ಲ. ಕಡಿದ ಜಾಗ ಕೆಲವೇ ಮಿಲಿಮೀಟರ್, ಅಷ್ಟು ಉದ್ದದ ಒಂದೆಳೆಯ ರೆಸಿಸ್ಟೆನ್ಸ್ ಏನೇನೂ ಅಲ್ಲ. ಎಲ್ಲ ಎಳೆಗಳೂ ಕಡಿದು ತುದಿಗಳು ಬರೀ ತಾಗಿಕೊಂಡಿದ್ದಾಗಲೂ ಹೀಗೇ, ಮೇಜಿನ ಮೇಲೆ ನೆಟ್ಟಗೆ ಮಲಗಿಸಿದರೆ ಎಲ್ಲವೂ ಸರಿ. ನಿಮ್ಮ ಕೇಬಲ್‌ದೂ ಇದೇ ಇರಬೇಕು. ಇದನ್ನು ಹಿಡಿಯಲು ಬಗ್ಗಿಸಿಯೇ ನೋಡಬೇಕು.

ಬಗ್ಗಿಸಲು ಎರಡೂ ಕೈ ಬೇಕು, ಹಾಗಾಗಿ ಕ್ರೊಕೊಡೈಲ್ ಕ್ಲಿಪ್ ಬಳಸಿ. ಗಂಡು ಪಿನ್ನಿಗೆ ಕ್ಲಿಪ್ ನೇರ ಕಚ್ಚುತ್ತದೆ. ಹೆಣ್ಣು ಕನೆಕ್ಟರಿನ ತೂತಿಗೆ ತುಂಡು ತಾಮ್ರದ ತಂತಿಯನ್ನು ಮಡಚಿ ತುರುಕಿ, ಅದಕ್ಕೆ ಕ್ಲಿಪ್ ಹಾಕಿ. ತೂತಿನೊಳಗೆ ಸಡಿಲವಾಗಿ ಆಡುವ ಪ್ರೋಬ್ ತಾನೇ ಬೀಪ್ ತಪ್ಪಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಈಗ ಮೀಟರನ್ನು ಮತ್ತೆ ಬೀಪ್‌ಗೆ ಹಾಕಿ. ಕನೆಕ್ಟರಿನ ಹಿಂದೆ ಕೇಬಲ್ ಹೊರಬರುವ ಜಾಗದಿಂದ ಶುರುಮಾಡಿ, ಒಂದೊಂದು ಗೇಣಿನಷ್ಟು ಹಿಡಿದು ನಾಲ್ಕೂ ದಿಕ್ಕಿಗೆ ನಿಧಾನವಾಗಿ ಬಗ್ಗಿಸಿ, ಮೆಲ್ಲಗೆ ಎಳೆಯಿರಿ, ಒತ್ತಿ. ನಿಧಾನ ಯಾಕೆಂದರೆ ಅಗ್ಗದ ಮೀಟರುಗಳಿಗೆ ಕ್ಷಣಮಾತ್ರದ ಕಡಿತ ಗೊತ್ತೇ ಆಗುವುದಿಲ್ಲ. ಹೆಚ್ಚಿನ ಕೇಬಲ್‌ಗಳು ಸಾಯುವುದು ಕನೆಕ್ಟರಿನಿಂದ ಒಂದು ಗೇಣಿನೊಳಗೇ. ಮೂರೂ ಪಿನ್ನಿಗೆ ಇದನ್ನು ಬೇರೆಬೇರೆಯಾಗಿ ಮಾಡಿ, 1ನೆಯದನ್ನು ಬಿಡಬೇಡಿ. ಅದು ಶೀಲ್ಡ್. ಅದು ಕಡಿದರೆ ಡೈನಾಮಿಕ್ ಮೈಕ್ ಗುಂಯ್ ಅನ್ನುತ್ತಲೇ ಹಾಡುತ್ತಿರುತ್ತದೆ, ಕಂಡೆನ್ಸರ್ ಮೈಕ್ ಮಾತ್ರ ಫ್ಯಾಂಟಮ್ ಸಿಗದೆ ಸುಮ್ಮನಾಗುತ್ತದೆ.

ಬೀಪ್ ತಪ್ಪಿತು, ಆದರೆ ಯಾವ ತುದಿಯಲ್ಲಿ ಎಂದು ಖಚಿತವಿಲ್ಲ ಅಂದುಕೊಳ್ಳಿ. ಸುಮ್ಮನೆ ಎರಡೂ ಕನೆಕ್ಟರ್ ಕತ್ತರಿಸಬೇಡಿ. ನಿಮ್ಮ ಮೀಟರಿನಲ್ಲಿ ಕೆಪಾಸಿಟರ್ ಅಳೆಯುವ ರೇಂಜ್ ಇದ್ದರೆ ಜಾಗವನ್ನು ಲೆಕ್ಕ ಹಾಕಿಯೇ ಹೇಳಬಹುದು. ಒಳವೈರಿಗೂ ಅದರ ಸುತ್ತಲಿನ ಶೀಲ್ಡಿಗೂ ನಡುವೆ ಮೀಟರಿಗೆ ಇಷ್ಟು ಎಂದು ಕೆಪಾಸಿಟೆನ್ಸ್ ಇರುತ್ತದೆ, ಉದ್ದ ಹೆಚ್ಚಿದಷ್ಟೂ ಅದೂ ಹೆಚ್ಚು. ಕಡಿದ ವೈರನ್ನು ಒಂದು ತುದಿಯಿಂದ ಅಳೆದರೆ ಕಡಿದ ಜಾಗದವರೆಗಿನದು ಮಾತ್ರ ಸಿಗುತ್ತದೆ.

ಉದಾಹರಣೆಗೆ ಕಡಿದಿರುವುದು 2ನೆಯದು ಎನ್ನಿ. ಬೀಪ್ ತಪ್ಪುವ ಭಂಗಿಯಲ್ಲೇ ಕೇಬಲ್ ಬಗ್ಗಿಸಿ ಟೇಪ್ ಸುತ್ತಿ, ಅಳೆಯುವಾಗ ಅದು ಮತ್ತೆ ಕೂಡಿಕೊಳ್ಳಬಾರದು. ಎರಡೂ ತುದಿಯಲ್ಲಿ 1 ಮತ್ತು 3ನೇ ಪಿನ್ ಒಂದಕ್ಕೊಂದು ಸೇರಿಸಿ, ಆ ಜೋಡಿಗೂ 2ಕ್ಕೂ ನಡುವೆ ಅಳೆಯಿರಿ. ಗಂಡು ತುದಿಯಿಂದ 1.78 ನ್ಯಾನೋಫ್ಯಾರಡ್, ಹೆಣ್ಣು ತುದಿಯಿಂದ 0.02 ಬಂತು ಎಂದುಕೊಳ್ಳೋಣ. ಪ್ರೋಬ್ ಗಾಳಿಯಲ್ಲಿದ್ದಾಗ ಮೀಟರ್ ತೋರಿಸುವುದನ್ನು ಮೊದಲೇ ಕಳೆದಿರಬೇಕು, ಇಷ್ಟು ಸಣ್ಣ ಅಂಕಿಯಲ್ಲಿ ಅದೇ ದೊಡ್ಡ ತಪ್ಪಾಗುತ್ತದೆ. ಲೆಕ್ಕ ಹೀಗೆ:

```
0.02 / (1.78 + 0.02) × 15 = 0.17
```

ಅಂದರೆ ಹೆಣ್ಣು ಕನೆಕ್ಟರಿನಿಂದ ಸುಮಾರು 17 ಸೆಂಟಿಮೀಟರ್. ಸೆಂಟಿಮೀಟರ್ ಲೆಕ್ಕವನ್ನು ಪೂರ್ತಿ ನಂಬಬೇಡಿ, ಆದರೆ ಯಾವ ತುದಿ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಆ ಕಡೆ 30 ಸೆಂಟಿಮೀಟರ್ ಕತ್ತರಿಸಿ, ಉಳಿದದ್ದನ್ನು ಮತ್ತೆ ಬಗ್ಗಿಸಿ ಪರೀಕ್ಷಿಸಿ, ಆಮೇಲೆ ಬೆಸುಗೆ ಹಾಕಿ. ಎರಡೂ ಕಡೆ 0.9 ಆಸುಪಾಸು ಬಂದಿದ್ದರೆ ಕಡಿತ ನಟ್ಟನಡುವೆ ಇದೆ. ಅಂಥದ್ದನ್ನು ನಡುವೆ ಜಾಯಿಂಟ್ ಹಾಕುವ ಬದಲು ಎರಡು ಸಣ್ಣ ಕೇಬಲ್ ಮಾಡಿಕೊಳ್ಳುವುದೇ ಮೇಲು, ವೇದಿಕೆಯಲ್ಲಿ ಎಳೆದಾಡುವ ಕೇಬಲ್‌ನಲ್ಲಿ ನಡುವಿನ ಜಾಯಿಂಟ್ ಬಾಳುವುದಿಲ್ಲ.

ಪಿನ್ ಅದಲುಬದಲಾಗಿದೆಯೇ ಎಂದು ನೋಡಲು ಗಂಡು ಕಡೆಯ ಒಂದು ಪಿನ್ನಿಗೆ ಕ್ಲಿಪ್ ಹಾಕಿ, ಹೆಣ್ಣು ಕಡೆಯ ಮೂರನ್ನೂ ಮುಟ್ಟಿ. ಹೀಗೆ ಒಟ್ಟು ಒಂಬತ್ತು ಸಲ. 1ಕ್ಕೆ 1, 2ಕ್ಕೆ 2, 3ಕ್ಕೆ 3 ಮಾತ್ರ ಬೀಪ್ ಆಗಬೇಕು. ನೀವು ಬಹುಶಃ ಮೂರು ಸಲ ಮಾತ್ರ ಮುಟ್ಟಿದ್ದೀರಿ, ಆಗ ಎರಡು ಪಿನ್ ಒಳಗೇ ಶಾರ್ಟ್ ಆಗಿದ್ದರೂ ಗೊತ್ತಾಗುವುದಿಲ್ಲ. ಕನೆಕ್ಟರಿನ ಲೋಹದ ಚಿಪ್ಪಿಗೂ ಮುಟ್ಟಿಸಿ ನೋಡಿ. 1 ಅದಕ್ಕೆ ಸೇರಿರಬಹುದು, ಸೇರದೆಯೂ ಇರಬಹುದು, ಆದರೆ 2 ಮತ್ತು 3 ಎಂದೂ ಸೇರಬಾರದು.

ಪಿನ್‌ಗಳನ್ನು ಎಡಬಲ ನೋಡಿ ಎಣಿಸಬೇಡಿ. ಗಂಡು, ಹೆಣ್ಣು ಕನೆಕ್ಟರಿನ ಮುಖಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು, ಬೆಸುಗೆ ಹಾಕುವ ಹಿಂಬದಿಯಿಂದ ನೋಡಿದರೆ ಇನ್ನೊಮ್ಮೆ ತಿರುವುಮುರುವು. ಪ್ಲಾಸ್ಟಿಕ್ ಮೇಲೆ ಅಚ್ಚಾಗಿರುವ ಪುಟ್ಟ 1, 2, 3 ಅನ್ನು ಟಾರ್ಚ್ ಹಿಡಿದು ಓದಿ. ಬೆಸುಗೆ ಹಾಕುವಾಗ 2 ಮತ್ತು 3 ಬದಲಾಗುವುದು ಇದೇ ಗೊಂದಲದಿಂದ.

ಈ ಎರಡು ಬದಲಾದ ಕೇಬಲ್ ಒಂಟಿ ಮೈಕ್‌ನಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ, ಅದಕ್ಕೇ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಉಳಿದುಬಿಡುತ್ತದೆ. ಒಂದೇ ಮೃದಂಗಕ್ಕೆ ಹತ್ತಿರಹತ್ತಿರ ಎರಡು ಮೈಕ್ ಇಟ್ಟು ಒಂದಕ್ಕೆ ಈ ಕೇಬಲ್ ಹಾಕಿದಾಗ ಸಿಗ್ನಲ್ ತಲೆಕೆಳಗಾಗಿ ಒಂದನ್ನೊಂದು ಅಳಿಸುತ್ತವೆ, ನಾದದ ತೂಕವೇ ಹೊರಟುಹೋಗುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಎರಡೂ ಕನೆಕ್ಟರ್ ಬಿಚ್ಚಿ ವೈರಿನ ಬಣ್ಣ ಹೋಲಿಸಿ. ನಿಮ್ಮ ಉಳಿದ ಕೇಬಲ್‌ಗಳಲ್ಲಿ 2ಕ್ಕೆ ಯಾವ ಬಣ್ಣವಿದೆಯೋ ಅದಕ್ಕೆ ಹೊಂದದ ತುದಿಯನ್ನು ಮಾತ್ರ ಬಿಚ್ಚಿ ಬೆಸೆಯಿರಿ. ಚಿಪ್ಪು ಮುಚ್ಚುವ ಮೊದಲು ಒಂಬತ್ತೂ ಸಲ ಮುಟ್ಟಿ ನೋಡಿ, ಮುಚ್ಚಿದ ಮೇಲೆ ಇನ್ನೊಮ್ಮೆ ನೋಡಿ. ಕೇಬಲ್ ಬಿಗಿಹಿಡಿಯುವ ಕ್ಲಾಂಪ್ ತಿರುಗಿಸುವಾಗ ಶೀಲ್ಡಿನ ಒಂದು ಎಳೆ ಸರಿದು ಪಕ್ಕದ ಪಿನ್ನಿಗೆ ತಾಗುವುದು ಆಗಲೇ.